ಬಾಕಿ ಪತ್ರ ಹೊರಡುವ ಮುನ್ನ ಕಡತ ಎದುರಿಗೆ ಬರಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪೊಂದರ ಬಿಲ್ಲು ಮತ್ತು ವಸೂಲಿ ನನ್ನ ಕೆಲಸ. ಮಾಲು ಹೋಗುವುದಕ್ಕೂ ರೊಕ್ಕ ಬರುವುದಕ್ಕೂ ನಡುವೆ ಒಂದೂವರೆ ತಿಂಗಳ ಅಂತರ. ಅಷ್ಟು ದಿನ ಆ ಪತ್ರವ್ಯವಹಾರವನ್ನು ಇನ್‌ಬಾಕ್ಸ್‌ನಲ್ಲಿ ಇಟ್ಟುಕೊಂಡರೆ ಹೊಸ ಮೇಲ್‌ಗಳ ಕೆಳಗೆ ಹೂತುಹೋಗುತ್ತದೆ. ಅದಕ್ಕೆ ಜಿಮೇಲ್‌ನ Snooze ಮತ್ತು Schedule send ಎರಡನ್ನೂ ಜೋಡಿಯಾಗಿ ಬಳಸುತ್ತೇನೆ.

ಎರಡರ ಕೆಲಸ ಬೇರೆ ಬೇರೆ. Snooze ಮಾಡಿದ ಪತ್ರ ಕಣ್ಮರೆಯಾಗಿ, ಹೇಳಿದ ದಿನ ಇನ್‌ಬಾಕ್ಸ್‌ನ ಮೇಲ್ತುದಿಗೆ ಬರುತ್ತದೆ. ಮುಂದೇನು ಅಂತ ನಾನೇ ನಿರ್ಧರಿಸಬೇಕು. Schedule send ಇಟ್ಟ ಪತ್ರ ಯಾರನ್ನೂ ಕೇಳದೆ ಹೊರಡುತ್ತದೆ. ನಡುವೆ ಗಿರಾಕಿ ಉತ್ತರ ಬರೆದಿದ್ದರೂ, ರೊಕ್ಕ ಹಾಕಿದ್ದರೂ ಅದು ನಿಲ್ಲುವುದಿಲ್ಲ. ಹಣ ಕೊಟ್ಟವರಿಗೆ ಬಾಕಿ ಪತ್ರ ಹೋದರೆ "ನಿನ್ನೇನ ಹಾಕೀವಲ್ರೀ, ನೋಡೂದಿಲ್ಲೇನ್ರೀ?" ಅಂತ ಫೋನ್ ಬರುವುದು ಖಂಡಿತ. ಆದ್ದರಿಂದ ಬಾಕಿ ಕೇಳುವ ಪತ್ರವನ್ನು Schedule send ಒಂದರ ಮೇಲೆಯೇ ಬಿಡಬಾರದು.

ಒಂದು ಲೆಕ್ಕ ಹಿಡಿಯೋಣ. ಸಣ್ಣ ಉದ್ದಿಮೆಗೆ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಎಣಿಕೆ ಬಿಲ್ಲಿನ ತಾರೀಖಿನಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಆಗಸ್ಟ್ 4ಕ್ಕೆ ಮಾಲು ಒಪ್ಪಿಕೊಂಡಿದ್ದರೆ 45 ದಿನಕ್ಕೆ ಸೆಪ್ಟೆಂಬರ್ 18 ಆಗುತ್ತದೆ. ಗಿರಾಕಿಯ ಆರ್ಡರ್ ಬಂದಿದ್ದ ಮೇಲ್‌ಗೇ ಉತ್ತರವಾಗಿ ಬಿಲ್ಲು ಕಳಿಸಿರುತ್ತೇನೆ. ಹಾಗಾಗಿ ಆರ್ಡರ್, ಬಿಲ್ಲು, ಮಾತುಕತೆ ಎಲ್ಲ ಒಂದೇ ಎಳೆಯಲ್ಲಿ ಇರುತ್ತವೆ.

ಅದೇ ದಿನ, ವಿವರ ಎಲ್ಲ ನೆನಪಿರುವಾಗಲೇ, ಆ ಎಳೆಯಲ್ಲಿ ನೆನಪೋಲೆ ಬರೆದುಬಿಡುತ್ತೇನೆ. Send ಪಕ್ಕದ ಬಾಣದ ಗುರುತು ಒತ್ತಿ, Schedule send ಆರಿಸಿ, ಸೆಪ್ಟೆಂಬರ್ 16ರ ಬೆಳಿಗ್ಗೆ 11:30 ಕೊಡುತ್ತೇನೆ. ಆಮೇಲೆ ಅದೇ ಎಳೆಯನ್ನು ಗಡಿಯಾರದ ಗುರುತಿನಿಂದ ಸೆಪ್ಟೆಂಬರ್ 16ರ ಬೆಳಿಗ್ಗೆ 9:30ಕ್ಕೆ Snooze ಮಾಡುತ್ತೇನೆ. ಸಿದ್ಧ ಆಯ್ಕೆಗಳಾದ ನಾಳೆ, ಮುಂದಿನ ವಾರ ಇವು ಈ ಕೆಲಸಕ್ಕೆ ಬಾರವು; Pick date & time ಒತ್ತಿ ತಾರೀಖು ಕೊಡಬೇಕು.

ನಡುವಿನ ಎರಡು ತಾಸು ಬ್ಯಾಂಕ್ ಖಾತೆ ನೋಡಲಿಕ್ಕೆ. ರೊಕ್ಕ ಬಂದಿದ್ದರೆ ಎಡಗಡೆಯ Scheduled ತೆರೆದು ಆ ಪತ್ರಕ್ಕೆ Cancel send ಒತ್ತುತ್ತೇನೆ. ಅದು ಕರಡಾಗಿ ಉಳಿಯುತ್ತದೆ, ಅದನ್ನೂ ಅಳಿಸಬೇಕು. ಇಲ್ಲವಾದರೆ ಮುಂದೊಂದು ದಿನ ಕೈತಪ್ಪಿ ಹೋಗಿಬಿಡಬಹುದು. ಅರ್ಧ ಹಣ ಬಂದಿದ್ದರೆ ಅದೇ ಕರಡಿನಲ್ಲಿ ಉಳಿದ ಮೊತ್ತ ಸೇರಿಸಿ ಕಳಿಸುತ್ತೇನೆ. ಆ ದಿನ ಗದಗಿಗೋ ಹಾವೇರಿಗೋ ಹೋಗಿ ಮೇಲ್ ನೋಡಲಾಗದಿದ್ದರೂ ಪತ್ರ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಹಾಗಾಗಿ ಅದರ ಮಾತು ಎರಡೂ ಸ್ಥಿತಿಗೆ ಒಪ್ಪುವಂತಿರಬೇಕು:

"ಆಗಸ್ಟ್ 4ರಂದು ತಾವು ಸ್ವೀಕರಿಸಿದ ಮಾಲಿನ ಬಿಲ್ಲಿಗೆ ಪಾವತಿಯ ಕೊನೆಯ ದಿನ ಸೆಪ್ಟೆಂಬರ್ 18. ಈಗಾಗಲೇ ಪಾವತಿಸಿದ್ದರೆ ದಯವಿಟ್ಟು ಯುಟಿಆರ್ ಸಂಖ್ಯೆ ತಿಳಿಸಿರಿ."

ಇದರಲ್ಲಿ "ನಾಳಿದ್ದು", "ಹೋದ ತಿಂಗಳು" ಎಂಬ ಮಾತುಗಳಿಲ್ಲ. ಬರೆಯುವ ದಿನ ಬೇರೆ, ಓದುವ ದಿನ ಬೇರೆ. ದಿನಾಂಕ ಬದಲಿಸಿದರೆ ಅಂಥ ಪದ ಸುಳ್ಳಾಗುತ್ತದೆ.

Snooze ಮಾಡಿದ ಎಳೆಗೆ ಗಿರಾಕಿ ನಡುವೆ ಏನಾದರೂ ಬರೆದರೆ ಅದು ತಾರೀಖಿಗೆ ಮೊದಲೇ ಇನ್‌ಬಾಕ್ಸ್‌ಗೆ ಬಂದುಬಿಡುತ್ತದೆ. "ಬಿಲ್ಲು ತಲುಪಿದೆ" ಎಂಬ ಒಂದು ಸಾಲು ಸಾಕು. ಅಲ್ಲಿಗೆ ಹಳೆಯ Snooze ಮುಗಿಯಿತು. ಓದಿದ ಕೂಡಲೇ ಅದೇ ತಾರೀಖಿಗೆ ಮತ್ತೆ ಇಡಬೇಕು. ಈ ಪದ್ಧತಿ ಹೆಚ್ಚಾಗಿ ಕೆಡುವುದು ಇಲ್ಲಿಯೇ, ಏಕೆಂದರೆ Schedule send ಮಾತ್ರ ಹಾಗೆಯೇ ಉಳಿದಿರುತ್ತದೆ, ಅದಕ್ಕೆ ಕಾವಲು ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಹುಡುಕುವ ಜಾಗದಲ್ಲಿ ಇವೆರಡನ್ನು ಒಂದಾದಮೇಲೊಂದು ಹಾಕಿ, ಎರಡೂ ಪಟ್ಟಿಯಲ್ಲಿ ಅದೇ ಗಿರಾಕಿಗಳಿದ್ದಾರೆಯೇ ಅಂತ ತಾಳೆ ನೋಡುತ್ತೇನೆ:

```
in:snoozed
in:scheduled
```

ಕೆಲವು ಗಿರಾಕಿಗಳ ಅಕೌಂಟ್ಸ್ ವಿಭಾಗದವರು ಮೇಲ್‌ಗಿಂತ ಎಸ್‌ಎಂಎಸ್ ಬೇಗ ನೋಡುತ್ತಾರೆ. ಆಂಡ್ರಾಯ್ಡ್‌ನ ಗೂಗಲ್ ಮೆಸೇಜಸ್‌ನಲ್ಲಿ ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಸಮಯ ಗೊತ್ತುಮಾಡಬಹುದು. ಆದರೆ ಜಿಮೇಲ್‌ನ ಪತ್ರ ಗೂಗಲ್‌ನ ಸರ್ವರಿನಿಂದ ಹೊರಡುತ್ತದೆ, ನಮ್ಮ ಕಂಪ್ಯೂಟರ್ ಆಫ್ ಆಗಿದ್ದರೂ ನಡೆಯುತ್ತದೆ. ಎಸ್‌ಎಂಎಸ್ ಹೊರಡುವುದು ಫೋನಿನಿಂದಲೇ, ಆ ಹೊತ್ತಿಗೆ ಫೋನ್ ಆನ್ ಇದ್ದು ನೆಟ್‌ವರ್ಕ್ ಸಿಗಬೇಕು. ರೊಕ್ಕ ಬಂದ ದಿನ ಇದನ್ನು ಬೇರೆಯಾಗಿ ಅಳಿಸಬೇಕು. ಅದಕ್ಕೇ ಎಸ್‌ಎಂಎಸ್ ಇಟ್ಟಿರುವ ಗಿರಾಕಿಗೆ ಬರೆದ ನೆನಪೋಲೆಯ ಕೊನೆಗೆ "ಎಸ್‌ಎಂಎಸ್ ಮೂಲಕವೂ ತಿಳಿಸಲಾಗುವುದು" ಅಂತ ಸೇರಿಸಿರುತ್ತೇನೆ. Cancel send ಒತ್ತಲು ಪತ್ರ ತೆರೆದಾಗ ಆ ಸಾಲು ನೋಡಿ ಫೋನ್ ಕೈಗೆತ್ತಿಕೊಳ್ಳುತ್ತೇನೆ.