ಪಿಪಿಎಂ ಅಂಕಿಯನ್ನು ಗುಣಿಸಬೇಕಾ, ಹಾಗೇ ಬಿಡಬೇಕಾ?

ಸಮುದ್ರದ ನೀರನ್ನು ಸಿಹಿನೀರು ಮಾಡುವ ಆರ್‌ಓ ಘಟಕದ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಲೆಕ್ಕದಲ್ಲಿ ಗಂಟೆಗೆ 94 ಕೆ.ಜಿ. ಕ್ಲೋರೈಡ್ ಕಾಣೆಯಾಗುತ್ತಿತ್ತು.

ಲೆಕ್ಕ ಕಷ್ಟದ್ದೇನಲ್ಲ. ಘಟಕಕ್ಕೆ ಗಂಟೆಗೆ 100 ಘನ ಮೀಟರ್ ಸಮುದ್ರದ ನೀರು ಬರುತ್ತಿತ್ತು. ಅದರಲ್ಲಿ 47 ಘನ ಮೀಟರ್ ಸಿಹಿನೀರಾಗಿ, ಉಳಿದ 53 ಘನ ಮೀಟರ್ ಗಾಢ ಉಪ್ಪುನೀರಾಗಿ ಹೊರಗೆ ಹೋಗುತ್ತಿತ್ತು. ಈ ಉಪ್ಪುನೀರನ್ನು ನಾವು ರಿಜೆಕ್ಟ್ ಅನ್ನುತ್ತೇವೆ. ಒಳಗೆ ಬಂದ ಕ್ಲೋರೈಡ್ ಈ ಎರಡರಲ್ಲೇ ಹಂಚಿಹೋಗಬೇಕು, ಬೇರೆ ದಾರಿ ಇಲ್ಲ.

ಬರುವ ನೀರನ್ನು ನಮ್ಮಲ್ಲೇ ಪರೀಕ್ಷೆ ಮಾಡಿದ್ದೆವು. ಲೀಟರಿಗೆ 19,830 ಮಿಲಿಗ್ರಾಂ ಕ್ಲೋರೈಡ್ ಇತ್ತು. ಅಂದರೆ ಗಂಟೆಗೆ 1,983 ಕೆ.ಜಿ. ರಿಜೆಕ್ಟ್ ಮಾದರಿಯನ್ನು ಹೊರಗಿನ ಒಂದು ಲ್ಯಾಬಿಗೆ ಕಳಿಸಿದ್ದೆವು. ಅವರ ವರದಿಯಲ್ಲಿ 35,500 ಪಿಪಿಎಂ ಅಂತ ಇತ್ತು. ಪಿಪಿಎಂ ಅಂದರೆ ಮಿಲಿಗ್ರಾಂ ಪರ್ ಲೀಟರ್ ತಾನೇ ಅಂದುಕೊಂಡು ಅದನ್ನು ಹಾಗೇ ಹಾಕಿದೆ. 53 ಘನ ಮೀಟರಿಗೆ ಸುಮಾರು 1,882 ಕೆ.ಜಿ. ಬಂತು. ಸಿಹಿನೀರಿನಲ್ಲಿ 7 ಕೆ.ಜಿ. ಒಟ್ಟು 1,889. ಉಳಿದ 94 ಕೆ.ಜಿ. ಎಲ್ಲಿ?

ಮೊದಲು ಅನುಮಾನ ಬಂದದ್ದು ಫ್ಲೋ ಮೀಟರ್ ಮೇಲೆ. ಎರಡು ದಿನ ಅದನ್ನೇ ಪರೀಕ್ಷೆ ಮಾಡಿದೆವು, ಮೀಟರ್ ಸರಿಯಾಗಿಯೇ ಇತ್ತು. ಆಮೇಲೆ ರಿಜೆಕ್ಟ್ ಮಾದರಿಯನ್ನು ನಾನೇ ಸಿಲ್ವರ್ ನೈಟ್ರೇಟ್ ಹಾಕಿ ಟೈಟ್ರೇಟ್ ಮಾಡಿದೆ. ಲೀಟರಿಗೆ 37,200 ಮಿಲಿಗ್ರಾಂ ಹತ್ತಿರ ಬಂತು. ಮತ್ತೆ ಮಾಡಿದೆ, ಅಷ್ಟೇ ಬಂತು. ಹೊರಗಿನ ಲ್ಯಾಬಿನವರಿಗೆ ಫೋನ್ ಮಾಡಿ, "ಮಾದರಿಯನ್ನು ಎಷ್ಟು ತಗೊಂಡ್ರಿ?" ಅಂತ ಕೇಳಿದೆ. "ಹತ್ತು ಗ್ರಾಂ" ಅಂದರು. ಹತ್ತು ಮಿಲಿಲೀಟರ್ ಅಲ್ಲ, ಹತ್ತು ಗ್ರಾಂ. ಗಾಢ ಉಪ್ಪುನೀರನ್ನು ಅವರು ಪಿಪೆಟ್‌ನಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿಗೆ ವಿಷಯ ಗೊತ್ತಾಯಿತು.

ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅಂತ. ನೀರಿನ ವಿಷಯದಲ್ಲಿ ಇದು ತೂಕಕ್ಕೆ ತೂಕ. ಒಂದು ಕೆ.ಜಿ. ನೀರಿನಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಅದು ಹೇಳುತ್ತದೆ. ಮಿಲಿಗ್ರಾಂ ಪರ್ ಲೀಟರ್ ಹಾಗಲ್ಲ, ಅದು ಲೀಟರ್ ಅಳತೆಗೆ ತೂಕ. ಒಂದು ಲೀಟರ್ ನೀರು ಸರಿಯಾಗಿ ಒಂದು ಕೆ.ಜಿ. ತೂಗಿದರೆ ಎರಡೂ ಒಂದೇ. ನಮ್ಮ ರಿಜೆಕ್ಟ್ ಒಂದು ಲೀಟರಿಗೆ ಒಂದು ಕೆ.ಜಿ.ಗಿಂತ ಜಾಸ್ತಿ ತೂಗುತ್ತಿತ್ತು. ಎಷ್ಟು ತೂಗುತ್ತದೋ ಅದೇ ಸಾಂದ್ರತೆ. ಎರಡು ಅಂಕಿಗಳ ನಡುವೆ ಇರುವುದು ಅದೊಂದೇ.

```
mg/L = ppm × density (kg/L)
```

ಹಾಗಾಗಿ ನಮ್ಮ ರಿಜೆಕ್ಟ್‌ನ ಸಾಂದ್ರತೆ ಅಳೆಯಬೇಕಾಯಿತು. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. 100 ಮಿಲಿಲೀಟರ್‌ನ ವಾಲ್ಯೂಮೆಟ್ರಿಕ್ ಫ್ಲಾಸ್ಕ್ ತೆಗೆದುಕೊಂಡೆ. ಒಣಗಿಸಿ ಖಾಲಿ ತೂಕ ನೋಡಿದೆ. ಮೊದಲು ಬಟ್ಟಿ ಇಳಿಸಿದ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ತಂದು ಗೆರೆಯವರೆಗೆ ತುಂಬಿ ತೂಗಿದೆ. ನೀರಿನ ತೂಕ 99.70 ಗ್ರಾಂ ಬಂತು. ಆ ಬಿಸಿಯಲ್ಲಿ ಶುದ್ಧ ನೀರಿನ ಸಾಂದ್ರತೆ 0.9982. ಭಾಗಿಸಿದರೆ ನನ್ನ ಫ್ಲಾಸ್ಕ್‌ಗೆ 99.88 ಮಿಲಿಲೀಟರ್ ಅಂತ ಲೆಕ್ಕ ಬರುತ್ತದೆ. ಈ ಹೆಜ್ಜೆಯನ್ನು ಬಿಡಬೇಡಿ. ಫ್ಲಾಸ್ಕ್‌ನ ಗೆರೆಯಲ್ಲಿರುವ ಸಣ್ಣ ತಪ್ಪು, ಗಾಳಿಯಲ್ಲಿ ತೂಗುವುದರಿಂದ ಆಗುವ ಸಣ್ಣ ಕೊರತೆ, ಎರಡೂ ಇದರಲ್ಲೇ ಹೆಚ್ಚುಕಮ್ಮಿ ಸರಿಹೋಗುತ್ತವೆ.

ಆಮೇಲೆ ಅದೇ ಫ್ಲಾಸ್ಕ್, ಅದೇ 20 ಡಿಗ್ರಿಯಲ್ಲಿ ರಿಜೆಕ್ಟ್ ತುಂಬಿದೆ. 104.57 ಗ್ರಾಂ. 99.88ರಿಂದ ಭಾಗಿಸಿದರೆ 1.047. ಈಗ 35,500 ಅನ್ನು 1.047ರಿಂದ ಗುಣಿಸಿದರೆ 37,170 ಬಂತು. ನನ್ನ ಟೈಟ್ರೇಷನ್‌ಗೆ ಸರಿಹೊಂದಿತು. ಹೊಸ ಅಂಕಿ ಹಾಕಿದಾಗ ರಿಜೆಕ್ಟ್‌ನಲ್ಲಿ 1,970 ಕೆ.ಜಿ., ಸಿಹಿನೀರಿನಲ್ಲಿ 7 ಕೆ.ಜಿ. 1,983ಕ್ಕೆ 6 ಕೆ.ಜಿ. ಮಾತ್ರ ಕಡಿಮೆ. ಆ ಮೀಟರುಗಳಿಂದ ಇದಕ್ಕಿಂತ ಹತ್ತಿರ ಬರುವುದು ಕಷ್ಟ. ಆವತ್ತು ನನಗೆ ಬಹಳ ಸಮಾಧಾನವಾಯಿತು.

ಕುಡಿಯುವ ನೀರು, ಬೋರ್‌ವೆಲ್ ನೀರು, ನದಿ ನೀರು ಪರೀಕ್ಷೆ ಮಾಡುವವರಿಗೆ ಈ ಗುಣಾಕಾರ ಬೇಕಾ? ಬೇಡ. ಸಿಹಿನೀರಿನ ಸಾಂದ್ರತೆ 20 ಡಿಗ್ರಿಯಲ್ಲಿ 0.998. ಗುಣಿಸಿದರೂ ವ್ಯತ್ಯಾಸ ನೂರಕ್ಕೆ 0.2 ಮಾತ್ರ. ಟೈಟ್ರೇಷನ್‌ನ ಒಂದು ಹನಿ ಅದಕ್ಕಿಂತ ದೊಡ್ಡ ತಪ್ಪು ಮಾಡುತ್ತದೆ. ಕರಗಿದ ಲವಣಗಳು ಲೀಟರಿಗೆ ಸುಮಾರು 7,000 ಮಿಲಿಗ್ರಾಂ ದಾಟುವವರೆಗೆ ಎರಡನ್ನೂ ಒಂದೇ ಅಂತ ಇಟ್ಟುಕೊಳ್ಳಬಹುದು ಅನ್ನುವುದು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ವರದಿಗಳಲ್ಲೂ ಇರುವ ರೂಢಿ. ಸಮುದ್ರದ ನೀರಿಗೆ ಬಂದರೆ ವ್ಯತ್ಯಾಸ ನೂರಕ್ಕೆ ಎರಡೂವರೆ ಹತ್ತಿರ. ನಮ್ಮಂಥ ರಿಜೆಕ್ಟ್‌ಗೆ ನೂರಕ್ಕೆ ಐದರ ಹತ್ತಿರ.

ಇಷ್ಟು ಗೊತ್ತಾದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಎಕ್ಸೆಲ್ ಹಾಳೆಯಲ್ಲಿ ಸಾಂದ್ರತೆಗೆ ಒಂದು ಕಾಲಂ ಮಾಡಿದೆ. ppm ಅಂತ ಇದ್ದ ಅಂಕಿಗಳನ್ನೆಲ್ಲ ಅದರಿಂದ ಗುಣಿಸಲು ಸೂತ್ರ ಹಾಕಿದೆ. ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ನಾವು ಐಸಿಪಿ ಯಂತ್ರದಲ್ಲಿ ನೋಡುತ್ತಿದ್ದೆವು. ಅದರ ಪರದೆ ಮೇಲೂ `ppm` ಅಂತಲೇ ಬರುತ್ತಿತ್ತು. ಸೋಡಿಯಂ 20,710 ಇದ್ದದ್ದು ಗುಣಿಸಿದ ಮೇಲೆ 21,683 ಆಯಿತು.

ಅನುಮಾನ ಹುಟ್ಟಿಸಿದ್ದು ಅಯಾನು ಸಮತೋಲನ. ನೀರಿನಲ್ಲಿ ಧನ ಅಯಾನುಗಳ ಮೊತ್ತವೂ ಋಣ ಅಯಾನುಗಳ ಮೊತ್ತವೂ ಮಿಲಿ ಈಕ್ವಿವಲೆಂಟ್‌ನಲ್ಲಿ ಸಮ ಇರಬೇಕು. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ನೂರಕ್ಕೆ ಎಷ್ಟು ಅಂತ ನೋಡುತ್ತೇವೆ. ನಮ್ಮ ರಿಜೆಕ್ಟ್‌ಗೆ ಇದು ಯಾವಾಗಲೂ ನೂರಕ್ಕೆ ಅರ್ಧದೊಳಗೆ ಇರುತ್ತಿತ್ತು. ಆ ಸಲ ಧನ ಅಯಾನು 1,218, ಋಣ ಅಯಾನು 1,162. ವ್ಯತ್ಯಾಸ ನೂರಕ್ಕೆ 2.4. ನಮ್ಮ ಲ್ಯಾಬಿನ ಮಿತಿ ನೂರಕ್ಕೆ 5 ಇದ್ದದ್ದರಿಂದ ವರದಿ ಪಾಸಾಗಿಬಿಡುತ್ತಿತ್ತು. ಹಿಂದಿನ ತಿಂಗಳುಗಳ ಹಾಳೆ ಪಕ್ಕದಲ್ಲಿ ಇದ್ದದ್ದರಿಂದ ಮಾತ್ರ ಕಣ್ಣಿಗೆ ಬಿತ್ತು. ಒಂದು ಕಡೆಯ ಅಂಕಿಗಳು ನೂರಕ್ಕೆ 4.7 ತಪ್ಪಿದರೂ ಸಮತೋಲನ ಅದರ ಅರ್ಧ ಮಾತ್ರ ತೋರಿಸುತ್ತದೆ, ಯಾಕೆಂದರೆ ಕೆಳಗೆ ಎರಡರ ಮೊತ್ತ ಇದೆಯಲ್ವಾ. ಇನ್ನೊಂದು ಅಪಾಯವೂ ಇದೆ. ಎರಡೂ ಕಡೆಯ ಅಂಕಿಗಳನ್ನು ತಪ್ಪಾಗಿ ಗುಣಿಸಿದ್ದರೆ ಸಮತೋಲನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ.

ತಪ್ಪಾದದ್ದು ಎಲ್ಲಿ ಅಂದರೆ, ಐಸಿಪಿಗೆ ಕೊಡುವ ಮಾದರಿಯನ್ನು ನಾವು ಪಿಪೆಟ್‌ನಲ್ಲಿ ಅಳೆದು ಡೈಲ್ಯೂಟ್ ಮಾಡುತ್ತಿದ್ದೆವು. ಯಂತ್ರವನ್ನು ಕ್ಯಾಲಿಬ್ರೇಟ್ ಮಾಡಿದ ಸ್ಟ್ಯಾಂಡರ್ಡ್ ದ್ರಾವಣಗಳೂ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತಲೇ ತಯಾರಾದವು. ಬಾಟಲಿ ಮೇಲೆ 1000 ಪಿಪಿಎಂ ಅಂತ ಬರೆದಿದ್ದರೂ ಒಳಗಿರುವುದು ಎಷ್ಟೋ ಸಲ ಲೀಟರಿಗೆ 1000 ಮಿಲಿಗ್ರಾಂ. ಹಾಗಾಗಿ ಪರದೆ ಮೇಲಿನ `ppm` ನಿಜದಲ್ಲಿ ಮಿಲಿಗ್ರಾಂ ಪರ್ ಲೀಟರ್ ಆಗಿತ್ತು. ಹೆಸರು ಮಾತ್ರ ರೂಢಿಯಿಂದ ಬಂದದ್ದು. ಅದನ್ನು ಸಾಂದ್ರತೆಯಿಂದ ಗುಣಿಸಿದ್ದು ಎರಡನೇ ಸಲ ಬದಲಾಯಿಸಿದ ಹಾಗಾಯಿತು.

ಅಂದಿನಿಂದ ನಾನು ವರದಿಯಲ್ಲಿ ಬರೆದಿರುವ ಯೂನಿಟ್ ಅನ್ನು ಸುಮ್ನೆ ನಂಬುವುದಿಲ್ಲ. ಮಾದರಿಯನ್ನು ತೂಗಿದರಾ, ಪಿಪೆಟ್‌ನಲ್ಲಿ ತೆಗೆದುಕೊಂಡರಾ ಅಂತ ಕೇಳುತ್ತೇನೆ. ತೂಗಿ, ಮಾದರಿಯ ತೂಕದಿಂದಲೇ ಲೆಕ್ಕ ಹಾಕಿದ್ದರೆ ಗುಣಿಸಬೇಕು. ಪಿಪೆಟ್ ಆಗಿದ್ದರೆ ಅಂಕಿಯನ್ನು ಮುಟ್ಟಬಾರದು, ಯೂನಿಟ್‌ನ ಹೆಸರನ್ನು ಮಾತ್ರ ತಿದ್ದಬೇಕು.

ಕೇಳಲು ಯಾರೂ ಸಿಗದಿದ್ದರೆ, ಮಾದರಿ ಉಳಿದಿದ್ದರೆ, ಬೆಂಚಿನ ಮೇಲೇ ಒಂದು ಪರೀಕ್ಷೆ ಮಾಡಬಹುದು. ಎರಡು ಒಂದು ಲೀಟರ್ ಫ್ಲಾಸ್ಕ್ ಇಡಿ. ಒಂದಕ್ಕೆ ಮಾದರಿಯನ್ನು 10 ಮಿಲಿಲೀಟರ್ ಪಿಪೆಟ್ ಮಾಡಿ, ಇನ್ನೊಂದಕ್ಕೆ 10 ಗ್ರಾಂ ತೂಗಿ ಹಾಕಿ. ಎರಡನ್ನೂ ಗೆರೆಯವರೆಗೆ ತುಂಬಿ ಕ್ಲೋರೈಡ್ ನೋಡಿ. ನಮ್ಮ ರಿಜೆಕ್ಟ್ ಆಗಿದ್ದರೆ ಮೊದಲನೆಯದರಲ್ಲಿ ಸುಮಾರು 372, ಎರಡನೆಯದರಲ್ಲಿ 355 ಮಿಲಿಗ್ರಾಂ ಬರುತ್ತದೆ. ನೂರರಿಂದ ಗುಣಿಸಿದಾಗ ಹಳೆಯ ವರದಿಯ ಅಂಕಿ ಯಾವುದಕ್ಕೆ ಕೂಡುತ್ತದೋ ಆ ಲ್ಯಾಬ್ ಆ ದಾರಿಯಲ್ಲಿ ಮಾಡಿದೆ ಅಂತ ತಿಳಿಯುತ್ತದೆ.

ಬಿಸಿಯ ಬಗ್ಗೆಯೂ ಎಚ್ಚರ ಬೇಕು. ಘಟಕದಿಂದ ತಂದ ಮಾದರಿ ಬೆಚ್ಚಗಿರುತ್ತದೆ. ಬಿಸಿಯಾದಂತೆ ನೀರು ಹಿಗ್ಗುತ್ತದೆ, ಒಂದು ಲೀಟರಿನಲ್ಲಿ ಇರುವ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ. ಒಂದು ಕೆ.ಜಿ.ಯಲ್ಲಿರುವ ಉಪ್ಪು ಬದಲಾಗುವುದಿಲ್ಲ. ಶುದ್ಧ ನೀರಿನ ಸಾಂದ್ರತೆಯೇ 20 ಡಿಗ್ರಿಯಲ್ಲಿ 0.998 ಇದ್ದದ್ದು 40 ಡಿಗ್ರಿಯಲ್ಲಿ 0.992ಕ್ಕೆ ಇಳಿಯುತ್ತದೆ. ಅದಕ್ಕೇ ಮಾದರಿಯನ್ನು ಮುಚ್ಚಿದ ಬಾಟಲಿಯಲ್ಲಿ ಲ್ಯಾಬಿನ ಬಿಸಿಗೆ ತಂದ ಮೇಲೆಯೇ ಪಿಪೆಟ್ ಮಾಡುತ್ತೇನೆ, ಸಾಂದ್ರತೆಯನ್ನೂ ಅದೇ ಬಿಸಿಯಲ್ಲಿ ಅಳೆಯುತ್ತೇನೆ. ಮುಚ್ಚಳ ತೆಗೆದಿಟ್ಟರೆ ನೀರು ಆವಿಯಾಗಿ ಅಂಕಿ ಏರುತ್ತದೆ.

ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ತೋರಿಸುವ ಪಿಪಿಎಂ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಏನನ್ನೂ ತೂಗುವುದಿಲ್ಲ. ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, 0.5 ಅಥವಾ 0.7ರಂಥ ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಆ ಗುಣಕ ಬದಲಾದರೆ ಅದೇ ನೀರಿಗೆ 500 ಇದ್ದದ್ದು 700 ಆಗುತ್ತದೆ. ಅದರ ಮುಂದೆ ಸಾಂದ್ರತೆಯ ವ್ಯತ್ಯಾಸ ಏನೂ ಅಲ್ಲ.

ನನ್ನ ಎಕ್ಸೆಲ್ ಹಾಳೆಯಲ್ಲಿ ಈಗ ಸಾಂದ್ರತೆಯ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ. ಅದರಲ್ಲಿ "ತೂಕ" ಅಥವಾ "ಪಿಪೆಟ್" ಅಂತ ಬರೆಯಬೇಕು. ಬರೆಯದಿದ್ದರೆ ಮಿಲಿಗ್ರಾಂ ಪರ್ ಲೀಟರ್ ಖಾನೆ ಖಾಲಿಯೇ ಉಳಿಯುತ್ತದೆ.