ಓವರ್‌ಟೈಮ್ ಆಗುವುದಿಲ್ಲ ಎಂದು ಮ್ಯಾನೇಜರ್‌ಗೆ ಮೇಲ್ ಬರೆದದ್ದು: ನನ್ನ ಅನುಭವ

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಟೀಮ್ ಲೀಡ್. ನನ್ನ ಸೆಕ್ಷನ್‌ನಲ್ಲಿ ಲೋಹ ಕಡಿಯುವ ಮೂರು ವಿಎಂಸಿ ಮೆಷಿನ್, ಎರಡು ಶಿಫ್ಟಿಗೆ ಸೇರಿ ಆರು ಜನ ಆಪರೇಟರ್‌ಗಳು, ಹಗಲು ಹೊತ್ತಿಗೆ ಒಬ್ಬರು ಇನ್‌ಸ್ಪೆಕ್ಟರ್. ಮುಖ್ಯವಾಗಿ ಬರುವ ಕೆಲಸ ಅಲ್ಯೂಮಿನಿಯಂ ಗೇರ್‌ಬಾಕ್ಸ್ ಹೌಸಿಂಗ್, ತಿಂಗಳಿಗೆ 1200 ಪೀಸ್. 2024ರಲ್ಲಿ ಗಿರಾಕಿ ಎರಡು ತಿಂಗಳ ಮಟ್ಟಿಗೆ 1500 ಬೇಕೆಂದರು. ಮ್ಯಾನೇಜರ್ ನನಗೆ ಕಳಿಸಿದ ಲೆಕ್ಕ ಸರಳವಾಗಿತ್ತು. ಒಂದು ಹೌಸಿಂಗನ್ನು ಎರಡು ಸಲ ಮೆಷಿನ್ ಮೇಲೆ ಕೂರಿಸಿ ಕಡಿಯಬೇಕು: ಮೊದಲ ಸೆಟಪ್‌ನಲ್ಲಿ 22 ನಿಮಿಷ, ಎರಡನೆಯದರಲ್ಲಿ 14, ಒಟ್ಟು 36 ನಿಮಿಷ. ಹೆಚ್ಚಿನ 300 ಪೀಸಿಗೆ 180 ಗಂಟೆ. ಆರು ಜನ ದಿನಕ್ಕೆ ಎರಡು ಗಂಟೆಯಂತೆ 15 ದಿನ ಹೆಚ್ಚು ನಿಂತರೆ 180 ಗಂಟೆ ಸಿಕ್ಕಿಬಿಡುತ್ತದೆ. "ಟೀಮ್ ಜೊತೆ ಮಾತಾಡಿ, ಸೋಮವಾರದಿಂದ ಶುರು ಮಾಡಿ" ಎಂದು ಬರೆದಿದ್ದರು.

ಲೆಕ್ಕದಲ್ಲಿ ಕೂಡುವುದು ಕಳೆಯುವುದು ಸರಿಯಾಗಿಯೇ ಇತ್ತು. ಆದರೂ ಅದು ನಡೆಯುವ ಮಾತಲ್ಲ ಅನ್ನುವುದು ಶಾಪ್‌ನಲ್ಲಿ ನಿಂತವರಿಗೆ ಗೊತ್ತಿತ್ತು. "ಹುಡುಗರಿಗೆ ಸುಸ್ತಾಗುತ್ತದೆ ಸರ್" ಎಂದು ಬರೆದರೆ ಬರುವ ಉತ್ತರವೂ ಗೊತ್ತಿತ್ತು: ಎರಡು ತಿಂಗಳು ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ. ಕಾನೂನನ್ನು ಮುಂದಿಟ್ಟರೂ ಕೆಲಸ ಆಗುತ್ತಿರಲಿಲ್ಲ. ಫ್ಯಾಕ್ಟರಿ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿಯಲ್ಲಿ ಮೂರು ತಿಂಗಳ ಓವರ್‌ಟೈಮ್ ಮಿತಿ 144 ಗಂಟೆಗೆ ಏರಿತ್ತು. ನಮ್ಮವರು ಆಗಲೇ ತಿಂಗಳಿಗೆ ತಲಾ 11 ಗಂಟೆಯಷ್ಟು ಮಾಡುತ್ತಿದ್ದರು, ಅದಕ್ಕೆ ಇನ್ನು 30 ಸೇರಿಸಿದರೂ ಆ ಮಿತಿಯೊಳಗೇ ಬರುತ್ತದೆ. ಎರಡು ಪಟ್ಟು ಕೂಲಿ ಕೊಡಲು ಕಂಪನಿ ತಯಾರಿತ್ತು. ಹಾಗಾಗಿ ಈ ಎರಡನ್ನೂ ಬಿಟ್ಟು, ಎರಡು ಗಂಟೆ ಹೆಚ್ಚು ನಿಂತರೆ ಪೀಸ್‌ಗಳು ನಿಜವಾಗಿ ಲಾರಿ ಹತ್ತುತ್ತವೆಯೇ ಎಂಬುದನ್ನು ಮೊದಲು ನೋಡಿದೆ.

ಹತ್ತುವುದಿಲ್ಲ. ತಡೆ ಇದ್ದದ್ದು ಇನ್‌ಸ್ಪೆಕ್ಷನ್‌ನಲ್ಲಿ. ದಿನಕ್ಕೆ 48 ಹೌಸಿಂಗ್ ಬರುತ್ತವೆ. ಪ್ರತಿಯೊಂದರ ಬೋರ್, ಅಂದರೆ ಒಳಗಿನ ದುಂಡು ತೂತಿಗೆ ಗೇಜ್ ಹಾಕಿ, ಅಂಚಿನಲ್ಲಿ ಉಳಿದ ಬರ್ ನೋಡಿ, ಸೀಲು ಹಾಕಲು ಐದು ನಿಮಿಷ ಬೇಕು. ಐದಕ್ಕೊಂದು ಪೀಸ್ ಸಿಎಂಎಂ ಎಂಬ ಅಳತೆ ಮೆಷಿನ್ ಮೇಲೆ ಹೋಗುತ್ತದೆ, ಅದಕ್ಕೆ 20 ನಿಮಿಷ. ಎಲ್ಲ ಸೇರಿ 440 ನಿಮಿಷ. ಊಟದ ಅರ್ಧ ಗಂಟೆ ಬಿಟ್ಟರೆ ಇನ್‌ಸ್ಪೆಕ್ಟರ್ ಕೈಯಲ್ಲಿರುವುದು 450. ದಿನಕ್ಕೆ ಇನ್ನೂ 12 ಪೀಸ್ ಬಂದರೆ 540 ಬೇಕು. ಅಂದರೆ ಆಪರೇಟರ್‌ಗಳು ರಾತ್ರಿ ನಿಂತು ಮಾಡಿದ ಪೀಸ್‌ಗಳು ಸಿಎಂಎಂ ರೂಮಿನ ಬಾಗಿಲಲ್ಲಿ ಟ್ರಾಲಿ ತುಂಬಾ ಕೂರುತ್ತವೆ, ಡಿಸ್ಪ್ಯಾಚ್ ಅಷ್ಟೇ ಇರುತ್ತದೆ. ಮೇಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಇದೇ ಬರಬೇಕೆಂದು ತೀರ್ಮಾನಿಸಿದೆ. ಟೀಮಿನ ಕಷ್ಟ ಹೇಳುವ ಮೊದಲು, ಕೇಳಿದವರಿಗೆ ಬೇಕಾದದ್ದೇ ಈ ದಾರಿಯಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು.

ಎರಡನೆಯದು ಶಿಫ್ಟಿನ ಹೊತ್ತು. ನಮ್ಮಲ್ಲಿ ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10. ಮೊದಲ ಶಿಫ್ಟಿನವರು ನಾಲ್ಕರವರೆಗೆ ನಿಂತರೆ ಎರಡನೆಯವರಿಗೆ ಮೆಷಿನ್ ಇಲ್ಲ. ಇಬ್ಬರಿಗೂ ಎರಡೆರಡು ಗಂಟೆ ಸಿಗಬೇಕಾದರೆ ಎರಡನೇ ಶಿಫ್ಟ್ ಸಂಜೆ 4ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯಬೇಕು. ಆ ಹೊತ್ತಿಗೆ ಮೆಟ್ರೋನೂ ಇಲ್ಲ, ಬಸ್ಸೂ ಇಲ್ಲ, ಕಂಪನಿ ಗಾಡಿ ಹತ್ತಕ್ಕೇ ಹೊರಟಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ರಜೆಯದು. ನಮ್ಮ ರಿಲೀವರ್ ಹುದ್ದೆ ಆಗ ಖಾಲಿ ಇತ್ತು. ಒಬ್ಬರು ರಜೆ ಹಾಕಿದರೆ ಉಳಿದವರೇ ಹೆಚ್ಚು ಹೊತ್ತು ನಿಂತು ಮೆಷಿನ್ ಓಡಿಸುತ್ತಿದ್ದರು. ತಲಾ 11 ಗಂಟೆ ಬಂದದ್ದೇ ಹಾಗೆ. ಎಲ್ಲರೂ ಹತ್ತು ಗಂಟೆ ಶಿಫ್ಟಿನಲ್ಲಿದ್ದಾಗ ಒಬ್ಬರಿಗೆ ಜ್ವರ ಬಂದರೆ ಆ ಮೆಷಿನ್ ನಿಲ್ಲುತ್ತದೆ, ಬೇರೆ ದಾರಿಯೇ ಇಲ್ಲ.

ಮೂರನೆಯದನ್ನು ಬರೆಯುವ ಮೊದಲು ರಿಜೆಕ್ಷನ್ ರಿಜಿಸ್ಟರ್ ತೆಗೆದು ಕೂತೆ. ನಮ್ಮಲ್ಲಿ ಪೀಸ್ ನಂಬರಿನ ಜೊತೆ ಹೊತ್ತನ್ನೂ ಬರೆಯುತ್ತಾರೆ, ಆದ್ದರಿಂದ ಮಾಮೂಲಿ ಶಿಫ್ಟಿನ ಪೀಸ್ ಯಾವುದು, ಓವರ್‌ಟೈಮಿನದು ಯಾವುದು ಎಂದು ಬೇರೆ ಮಾಡಲು ಬಂತು. ಮಾಮೂಲಿ ಹೊತ್ತಿನಲ್ಲಿ ನೂರಕ್ಕೆ ಎರಡು ರೀವರ್ಕ್, ಓವರ್‌ಟೈಮಿನಲ್ಲಿ ಐದು. ಕಾರಣವೂ ರಿಜಿಸ್ಟರಿನಲ್ಲೇ ಇತ್ತು: ಹೆಚ್ಚಿನವು 62 ಮಿ.ಮೀ. ಬೋರ್ ಸಣ್ಣದಾಗಿ ಗೋ ಗೇಜ್ ಒಳಗೆ ಹೋಗದ ಪೀಸ್‌ಗಳು. ಆ ಬೋರಿಗೆ ಟಾಲರೆನ್ಸ್ ಬರೀ 30 ಮೈಕ್ರಾನ್. ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗುತ್ತದೆ, ಹತ್ತು ಡಿಗ್ರಿ ಬಿಸಿ ಹೆಚ್ಚಿದ್ದರೆ ಇಷ್ಟು ದೊಡ್ಡ ಬೋರ್ ಸುಮಾರು 14 ಮೈಕ್ರಾನ್ ದೊಡ್ಡದಾಗಿ ಅಳತೆಗೆ ಸಿಗುತ್ತದೆ. ಪೀಸ್ ಆರಲು ಬಿಟ್ಟು ಅಳೆಯಬೇಕು. ಮನೆಗೆ ಹೋಗುವ ಆತುರದಲ್ಲಿ ಬಿಸಿಯಲ್ಲೇ ಅಳೆದವರು ಬೋರ್ ದೊಡ್ಡದಾಯಿತೆಂದು, ಟೂಲ್ ಎಷ್ಟು ಕಡಿಯಬೇಕೆಂದು ಮೆಷಿನ್‌ನಲ್ಲಿ ತಿದ್ದುವ ಆಫ್‌ಸೆಟ್ ಕಡಿಮೆ ಮಾಡುತ್ತಾರೆ, ಮುಂದಿನ ಪೀಸ್‌ಗಳೆಲ್ಲ ಸಣ್ಣ ಬರುತ್ತವೆ. ಅವು ಮರುದಿನ ಮತ್ತೆ ಪೀಸ್ ಹಿಡಿದುಕೊಳ್ಳುವ ಫಿಕ್ಸ್‌ಚರ್ ಏರಿ ಮೆಷಿನ್ ಹೊತ್ತು ತಿನ್ನುತ್ತವೆ. ಇದರಲ್ಲಿ ಯಾರದೋ ಹೆಸರು ಹಾಕಿ ದೂರುವ ಮಾತಿಲ್ಲ, ಒಂಬತ್ತನೇ ಗಂಟೆಯಲ್ಲಿ ಯಾರಿಗೂ ಆಗುವಂಥದ್ದು. ಆದ್ದರಿಂದ ಮೇಲ್‌ನಲ್ಲಿ ಹೊತ್ತಿನ ಲೆಕ್ಕ ಮಾತ್ರ ಹಾಕಿದೆ, ಆಪರೇಟರ್‌ಗಳ ಹೆಸರು ತೆಗೆದುಬಿಟ್ಟೆ.

ಇಷ್ಟೇ ಬರೆದು ಕಳಿಸಿದ್ದರೆ ಅದು ನಯವಾದ ನಿರಾಕರಣೆ ಆಗುತ್ತಿತ್ತು. 180 ಗಂಟೆ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ ಮ್ಯಾನೇಜರ್ ಮೇಜಿನ ಮೇಲೆ ಹಾಗೇ ಉಳಿಯುತ್ತಿತ್ತು. ಪ್ಲಾನಿಂಗ್‌ನವರ ಹತ್ತಿರ ಕೂತಾಗ ಒಂದು ದಾರಿ ಕಂಡಿತು. ಹೌಸಿಂಗ್ ಮತ್ತು ಬೇರೆ ಪೀಸ್‌ಗಳ ನಡುವೆ ತಿಂಗಳಿಗೆ 40 ಸಲ ಸೆಟ್ಟಿಂಗ್ ಬದಲಾಗುತ್ತಿತ್ತು, ಪ್ರತಿ ಸಲ ಎರಡೂವರೆ ಗಂಟೆ. ಸಣ್ಣ ಸಣ್ಣ ಬ್ಯಾಚ್‌ಗಳನ್ನು ಕೂಡಿಸಿ 22 ಸಲಕ್ಕೆ ಇಳಿಸಿದರೆ 45 ಗಂಟೆ ಉಳಿಯುತ್ತದೆ. ಅದಕ್ಕೆ ಬೇರೆ ಪೀಸ್‌ಗಳ ಎರಡು ವಾರದ ಸ್ಟಾಕ್ ಇಟ್ಟುಕೊಳ್ಳಬೇಕು, ಸ್ಟೋರ್‌ನಲ್ಲಿ ಜಾಗ ಬೇಕು. ಇನ್ನೊಂದು ದಾರಿ ಜಾಬ್‌ವರ್ಕ್: ನಮ್ಮ ಹತ್ತಿರ ಇದ್ದ ಹೆಚ್ಚುವರಿ ಫಿಕ್ಸ್‌ಚರ್ ಕೊಟ್ಟು 150 ಪೀಸ್‌ಗಳ ಮೊದಲ ಸೆಟಪ್ ಹೊರಗೆ ಮಾಡಿಸಿದರೆ 55 ಗಂಟೆ. ಬೋರಿಂಗ್ ಎರಡನೇ ಸೆಟಪ್‌ನಲ್ಲಿ ಇರುವುದರಿಂದ ಬಿಗಿ ಟಾಲರೆನ್ಸ್ ನಮ್ಮ ಕೈಯಲ್ಲೇ ಉಳಿಯುತ್ತದೆ.

ಉಳಿದ 80 ಗಂಟೆಗೆ ಶಾಪ್‌ನಲ್ಲಿ ಎಲ್ಲೂ ದಾರಿ ಇರಲಿಲ್ಲ. ಸೇಲ್ಸ್‌ನವರಿಗೆ ಫೋನ್ ಮಾಡಿ, ಗಿರಾಕಿಗೆ ಹೆಚ್ಚಿನ 600 ಪೀಸ್ ಯಾವ ವಾರ ಎಷ್ಟು ಅಸೆಂಬ್ಲಿಗೆ ಹೋಗುತ್ತವೆ ಎಂದು ಕೇಳಿ ಹೇಳಿ ಅಂದೆ. ಉತ್ತರ ಎರಡು ದಿನ ಬಿಟ್ಟು ಬಂತು: ಮೂರು ತಿಂಗಳಲ್ಲಿ ಹಂಚಿ ಕೊಟ್ಟರೂ ಅವರ ಲೈನ್ ನಿಲ್ಲುವುದಿಲ್ಲ, ಮೊದಲ ತಿಂಗಳು 150ಕ್ಕಿಂತ ಕಡಿಮೆ ಆಗಬಾರದು ಅಷ್ಟೆ. ತಿಂಗಳಿಗೆ 200 ಆದರೆ ಬೇಕಾಗುವುದು 120 ಗಂಟೆ. ಬ್ಯಾಚ್‌ನಿಂದ, ಜಾಬ್‌ವರ್ಕ್‌ನಿಂದ ಸೇರಿ 100 ಸಿಗುತ್ತದೆ. 20 ಗಂಟೆ ಮಾತ್ರ ಓವರ್‌ಟೈಮ್, ಅದೂ ಒಪ್ಪಿದವರಿಂದ. ಆರು ಜನರನ್ನೂ ಬೇರೆ ಬೇರೆಯಾಗಿ ಕೇಳಿದೆ. ಗುಂಪಿನಲ್ಲಿ ಕೇಳಿದರೆ ಒಬ್ಬರು ಹೂಂ ಅಂದಮೇಲೆ ಉಳಿದವರಿಗೆ ಇಲ್ಲ ಅನ್ನುವುದು ಕಷ್ಟ. ನಾಲ್ವರು ಒಪ್ಪಿದರು.

ಇನ್‌ಸ್ಪೆಕ್ಷನ್ ಗಂಟು ಬಿಚ್ಚಲು ಕೇಳಿದ್ದು ಒಂದು ಬೋರ್ ಗೇಜ್ ಸೆಟ್. ಮೆಷಿನ್ 22 ನಿಮಿಷ ತಾನಾಗಿ ಓಡುವಾಗ ಆಪರೇಟರ್ ಹಿಂದಿನ, ಆರಿದ ಪೀಸನ್ನು ಗೇಜ್ ಮಾಡಬಹುದು. ಇನ್‌ಸ್ಪೆಕ್ಟರ್ ಹತ್ತಕ್ಕೊಂದು ಮತ್ತೆ ನೋಡಿದರೆ ಸಾಕು, ಅವರ ಹೊತ್ತು ಸಿಎಂಎಂಗೆ ಸಿಗುತ್ತದೆ. ಇದನ್ನು ಕ್ವಾಲಿಟಿಯವರು ಒಪ್ಪಿ ಸಹಿ ಮಾಡಬೇಕಿತ್ತು, ಆದ್ದರಿಂದ ಮೇಲ್ ಕಳಿಸುವ ಮೊದಲೇ ಅವರ ಜೊತೆ ಮಾತಾಡಿದೆ.

ಮೇಲ್ ಶುರುವಾದದ್ದು ಹೀಗೆ:

"ಸರ್, ನಮಸ್ಕಾರ. ತಿಂಗಳಿಗೆ 200 ಹೌಸಿಂಗ್‌ನಂತೆ ಮೂರು ತಿಂಗಳಲ್ಲಿ ಹೆಚ್ಚಿನ 600 ಪೀಸ್ ಕೊಡಬಹುದು. ಗಿರಾಕಿಗೆ ಇದು ಆಗುತ್ತದೆಂದು ಸೇಲ್ಸ್ ತಿಳಿಸಿದ್ದಾರೆ. ನೀವು ಹೇಳಿದಂತೆ ದಿನಕ್ಕೆ ಎರಡು ಗಂಟೆ ಓವರ್‌ಟೈಮ್ ಮಾಡಿದರೆ ಡಿಸ್ಪ್ಯಾಚ್ ಹೆಚ್ಚುವುದಿಲ್ಲ. ಇನ್‌ಸ್ಪೆಕ್ಷನ್ ಈಗಲೇ ಪೂರ್ತಿ ತುಂಬಿದೆ, ಲೆಕ್ಕ ಕೆಳಗಿದೆ. ನಿಮ್ಮಿಂದ ನಾಲ್ಕು ತೀರ್ಮಾನ ಬೇಕು, ಮೊದಲ ಎರಡು ಶುಕ್ರವಾರದೊಳಗೆ."

ಆ ನಾಲ್ಕು: ಗೇಜ್ ಖರೀದಿ, ಬ್ಯಾಚ್ ಕೂಡಿಸಲು ಪ್ಲಾನಿಂಗ್‌ಗೆ ಸೂಚನೆ, ಜಾಬ್‌ವರ್ಕ್ ಆರ್ಡರ್, ರಿಲೀವರ್ ನೇಮಕ. ಪ್ರತಿಯೊಂದರ ಪಕ್ಕದಲ್ಲೂ ಏನು ಖರ್ಚು, ಎಷ್ಟು ಗಂಟೆ ಸಿಗುತ್ತದೆ, ಒಪ್ಪದಿದ್ದರೆ ಎಷ್ಟು ಪೀಸ್ ಕಡಿಮೆಯಾಗುತ್ತದೆ ಎಂದು ಬರೆದೆ. ಬ್ಯಾಚ್ ಕೂಡಿಸದಿದ್ದರೆ ತಿಂಗಳಿಗೆ 75 ಪೀಸ್ ಕಡಿಮೆ. ಕೊನೆಯ ಈ ಅಂಕಿಯೇ ಮ್ಯಾನೇಜರ್‌ಗೆ ಹೆಚ್ಚು ಉಪಯೋಗಕ್ಕೆ ಬಂತು. ಮೇಲಿನವರಿಗೆ ಅವರು ಹೇಳಬೇಕಾದ ಮಾತು ಅದೇ. ಟೀಮಿನ ಓವರ್‌ಟೈಮ್ ಮಿತಿಯನ್ನೂ ಒಂದೇ ಸಾಲಿನಲ್ಲಿ ನೇರವಾಗಿ ಬರೆದೆ: ತಿಂಗಳಿಗೆ ಒಟ್ಟು 20 ಗಂಟೆಗಿಂತ ಹೆಚ್ಚು ಹೊಸ ಓವರ್‌ಟೈಮ್ ತೆಗೆದುಕೊಳ್ಳಲು ಆಗುವುದಿಲ್ಲ, ರಾತ್ರಿ ಹತ್ತರ ನಂತರ ಇಲ್ಲ. "ಪ್ರಯತ್ನಿಸುತ್ತೇವೆ" ಎಂಬ ಮಾತನ್ನು ಎಲ್ಲೂ ಸೇರಿಸಲಿಲ್ಲ. ಅದನ್ನು ಓದಿದವರು ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಹತ್ತರ ನಂತರ ಇಲ್ಲ ಅಂದಮೇಲೆ ಆ 20 ಗಂಟೆ ಯಾವಾಗ ಎಂದು ಮ್ಯಾನೇಜರ್ ಕೇಳಿದರು. ಬೆಳಿಗ್ಗೆ 5ಕ್ಕೆ ಬರಲು ಒಪ್ಪಿದ್ದವರು ಹತ್ತಿರದಲ್ಲೇ ಮನೆ ಇರುವ ನಾಲ್ವರು. ತಿಂಗಳಿಗೆ ಒಬ್ಬರಿಗೆ ಐದು ದಿನ, ದಿನಕ್ಕೆ ಒಂದು ಗಂಟೆ. ಪಟ್ಟಿ ಕಳಿಸಿದೆ. ಗೇಜ್, ಬ್ಯಾಚ್, ಜಾಬ್‌ವರ್ಕ್ ಮೂರೂ ಒಪ್ಪಿಗೆಯಾದವು, ರಿಲೀವರ್ ಮಾತ್ರ ಮುಂದಕ್ಕೆ ಹೋಯಿತು.

ಜಾಬ್‌ವರ್ಕ್ ಅಂದುಕೊಂಡಷ್ಟು ಸಲೀಸಾಗಿ ಆಗಲಿಲ್ಲ. ಮೊದಲು ಬಂದ ಪೀಸ್‌ಗಳನ್ನು ಸರ್ಫೇಸ್ ಪ್ಲೇಟ್ ಮೇಲಿಟ್ಟು ನೋಡಿದರೆ ಮುಖದ ಕೆಳಗೆ ಫೀಲರ್ ಗೇಜ್ ಎಲೆ ನುಸುಳುತ್ತಿತ್ತು. ಅಲ್ಲಿ ಕ್ಲ್ಯಾಂಪ್ ಬೋಲ್ಟ್ ಪೂರ್ತಿ ಬಿಗಿಯುತ್ತಿದ್ದರು. ಹೌಸಿಂಗ್ ಗೋಡೆ ತೆಳು, ಬಿಗಿದಾಗ ಬಾಗಿ, ಬಿಚ್ಚಿದಾಗ ತನ್ನ ಆಕಾರಕ್ಕೆ ಮರಳಿ, ಮಟ್ಟವಾಗಿ ಕಡಿದ ಮುಖ ಉಬ್ಬುತ್ತಿತ್ತು. ನಮ್ಮ ಟಾರ್ಕ್ ವ್ರೆಂಚ್ ಕೊಟ್ಟು, ಎಷ್ಟು ಬಿಗಿಯಬೇಕೆಂದು ಫಿಕ್ಸ್‌ಚರ್ ಮೇಲೇ ಪಂಚ್ ಮಾಡಿ ಕಳಿಸಿದ ಮೇಲೆ ಸರಿಹೋಯಿತು. ಆ ವಾರ ಕಳೆದುಹೋದ್ದರಿಂದ ಮೊದಲ ತಿಂಗಳು 160 ಹೋಯಿತು, ಎರಡನೆಯ ತಿಂಗಳು 215, ಉಳಿದ 225 ಮೂರನೆಯ ತಿಂಗಳು.

ಗಿರಾಕಿ ಮೂರು ತಿಂಗಳಲ್ಲಿ ಹಂಚಿ ತೆಗೆದುಕೊಳ್ಳಲು ಒಪ್ಪದಿದ್ದರೆ ಈ ಲೆಕ್ಕ ನಿಲ್ಲುತ್ತಿರಲಿಲ್ಲ. ಆಗ ಮೊದಲ ಸೆಟಪ್ ಇನ್ನೂ ಹೆಚ್ಚು ಪೀಸ್‌ಗಳದ್ದು ಹೊರಗೆ ಹೋಗಬೇಕಿತ್ತು, ಅದಕ್ಕೆ ಎರಡನೇ ಫಿಕ್ಸ್‌ಚರ್ ಮಾಡಿಸಬೇಕಿತ್ತು, ಮಾಡಿಸಲು ಮೂರು ವಾರ. ಅದನ್ನೂ ಮೇಲ್‌ನ ಕೊನೆಯಲ್ಲಿ ಸೇರಿಸಿದ್ದೆ. ರಿಲೀವರ್ ನಾಲ್ಕನೇ ತಿಂಗಳು ಬಂದರು. ಈಗ ಆ ಜಾಬ್‌ವರ್ಕ್ ಅಂಗಡಿಗೆ ತಿಂಗಳಿಗೆ 50 ಪೀಸ್ ಕಳಿಸುತ್ತಲೇ ಇದ್ದೇವೆ, ಮುಂದಿನ ಸಲ ಆರ್ಡರ್ ಏರಿದಾಗ ಕೈ ಪಳಗಿದ ಜಾಗ ಒಂದು ಹೊರಗೆ ಇರಲಿ ಎಂದು.