ಬೇಕಲದ ಹೋಟೆಲಿಗೆ ಅರವತ್ತು ಸೆಕೆಂಡಿನ ಮಾತು

ಕಾಸರಗೋಡು ಜಿಲ್ಲೆಯ ಬೇಕಲದ ಕಡಲ ಬದಿಯ ಹೋಟೆಲೊಂದು ಒಂದು ನಿಮಿಷದ ಪ್ರಚಾರ ವಿಡಿಯೊ ಮಾಡಿಸಿತ್ತು. ಮಲಯಾಳದಲ್ಲಿ ಅದು ಸಿದ್ಧವಾಗಿತ್ತು. ಮಂಗಳೂರು, ಮಡಿಕೇರಿ, ಮೈಸೂರಿನಿಂದ ಬರುವವರಿಗಾಗಿ ಕನ್ನಡದ ಧ್ವನಿ ಬೇಕೆಂದು ನನ್ನನ್ನು ಕರೆದರು. ಯಾರೋ ಆಗಲೇ ಅನುವಾದಿಸಿದ್ದ ಹಾಳೆಯೊಂದನ್ನು ಕೈಗಿಟ್ಟು, ‘ಸ್ವಲ್ಪ ತಿದ್ದಿದರೆ ಸಾಕು’ ಎಂದರು.

ಎರಡನೆಯ ಸಾಲಿನಲ್ಲೇ ‘ವಿಶ್ರಾಂತಿಗೆ ಒಂದು ಅವಸರ’ ಎಂದಿತ್ತು. ಮಲಯಾಳದಲ್ಲಿ ಅವಸರವೆಂದರೆ ಅವಕಾಶ. ನಮಗೆ ಅದು ಗಡಿಬಿಡಿ. ಕಾಸರಗೋಡಿನಲ್ಲಿ ಎರಡೂ ಭಾಷೆ ಕಿವಿಯ ಮೇಲೆ ಬೀಳುತ್ತಿರುವುದರಿಂದ ಇಂಥ ಪದ ಇಲ್ಲಿಯವರ ಕಣ್ಣು ತಪ್ಪಿಸಿಬಿಡುತ್ತದೆ, ಮೈಸೂರಿನವರಿಗೆ ಮಾತ್ರ ಥಟ್ಟನೆ ತಾಗುತ್ತದೆ. ‘ಕಡಲಿನಿಂದ ಮೇಲೇಳುವ ಸೂರ್ಯ’ ಎಂಬ ಸಾಲೂ ಇತ್ತು. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಏಳುವುದು ಗುಡ್ಡದ ಕಡೆಯಿಂದ. ಎರಡನ್ನೂ ಹೊಡೆದು ಹಾಕಿದೆ.

ತಿದ್ದಿ ಮುಗಿಸಿ, ಗಡಿಯಾರ ಹಿಡಿದು ಗಟ್ಟಿಯಾಗಿ ಓದಿದರೆ ಎಪ್ಪತ್ತೆಂಟು ಸೆಕೆಂಡು. ಪದ ಲೆಕ್ಕ ಹಾಕಿ ಬರೆದರೆ ಹೀಗಾಗುತ್ತದೆ. ಕನ್ನಡದಲ್ಲಿ ವಿಭಕ್ತಿ, ಕಾಲ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದೊಂದು ಪದವೂ ಉದ್ದ. ಹಾಗಾಗಿ ನಾನು ಅಕ್ಷರ ಎಣಿಸುತ್ತೇನೆ. ನಿಧಾನವಾದ, ಹಿತವಾದ ಓದಿಗೆ ಸೆಕೆಂಡಿಗೆ ನಾಲ್ಕೂವರೆ ಅಕ್ಷರ ನನ್ನ ಅಳತೆ. ಅರವತ್ತರಲ್ಲಿ ಹದಿನೈದು ಸೆಕೆಂಡು ಅಲೆಯ ಸದ್ದಿಗೂ ಸಂಗೀತಕ್ಕೂ ಬಿಟ್ಟರೆ, ಮಾತಿಗೆ ಉಳಿಯುವುದು ಸುಮಾರು ಇನ್ನೂರು ಅಕ್ಷರ.

ಹಾಳೆಯ ಮೊದಲ ಸಾಲು ಹೀಗಿತ್ತು: ‘ಬೇಕಲದ ರಮಣೀಯ ಕಡಲತೀರದಲ್ಲಿ ನೆಲೆಗೊಂಡಿರುವ ನಮ್ಮ ಹೋಟೆಲ್ ನಿಮಗೆ ಅವಿಸ್ಮರಣೀಯ ಅನುಭವವನ್ನು ನೀಡುತ್ತದೆ.’ ನಲವತ್ತನಾಲ್ಕು ಅಕ್ಷರ, ಹತ್ತು ಸೆಕೆಂಡು. ತೆರೆಯ ಮೇಲಿನ ದೃಶ್ಯವೋ ಆರೇ ಸೆಕೆಂಡಿನದು. ಅದರ ಬದಲು ಬರೆದೆ: ‘ಬೇಕಲ. ಎದುರಿಗೆ ಕಡಲು. ಬೆನ್ನಿಗೆ ತೆಂಗಿನ ತೋಟ.’ ಹದಿನೆಂಟು ಅಕ್ಷರ. ನಾಲ್ಕು ಸೆಕೆಂಡಿನಲ್ಲಿ ಮಾತು ಮುಗಿದು, ಮಿಕ್ಕ ಎರಡರಲ್ಲಿ ಅಲೆ ಕೇಳಿಸುತ್ತದೆ. ‘ರಮಣೀಯ’ ಎಂದು ಹೇಳುವ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿತ್ತು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಈಜುಕೊಳದ ಸಾಲು. ‘ಮಕ್ಕಳು ಸುರಕ್ಷಿತವಾಗಿ ಆಟವಾಡಿ ನಲಿಯಬಹುದಾದ ವಿಶಾಲ ಈಜುಕೊಳ’ ಎಂದು ಹಾಳೆಯಲ್ಲಿತ್ತು. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು ವಸ್ತು ಕೊನೆಗೆ ಬರುತ್ತದೆ. ‘ಈಜುಕೊಳ’ ಎಂಬ ಪದ ಕೇಳಿಸುವ ಹೊತ್ತಿಗೆ ತೆರೆಯ ಮೇಲೆ ಊಟದ ಮೇಜು ಬಂದಾಗಿತ್ತು. ಹೀಗಾದಾಗ ಹೆಸರನ್ನೇ ಮುಂದಕ್ಕೆ ಎಳೆದುಕೊಳ್ಳಬೇಕು: ‘ಈಜುಕೊಳಕ್ಕೆ ಇಳಿದ ಮಕ್ಕಳು, ಊಟಕ್ಕೆ ಕರೆದರೂ ಬರುವುದಿಲ್ಲ.’ ಕೊಳ ಕಂಡಾಗ ಕೊಳದ ಮಾತು ಬಂತು, ‘ಊಟ’ ಎಂಬ ಪದ ಮುಂದಿನ ದೃಶ್ಯಕ್ಕೆ ದಾರಿಯಾಯಿತು. ಅಲ್ಲಿದ್ದ ‘ಸ್ಥಳೀಯ ಹಾಗೂ ಅಂತಾರಾಷ್ಟ್ರೀಯ ರುಚಿವೈವಿಧ್ಯ’ವನ್ನು ತೆಗೆದು ‘ನೀರುದೋಸೆ, ಕಾಯಿಹಾಲು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು’ ಎಂದಿಟ್ಟೆ. ತಟ್ಟೆಯಲ್ಲಿ ಕಾಣುತ್ತಿದ್ದದ್ದು ಅದೇ. ಕೋಟೆಯ ದೃಶ್ಯಕ್ಕೆ ‘ಕೆಳದಿ ನಾಯಕರ ಕೋಟೆ, ಸಂಜೆಯ ಬಿಸಿಲು’ ಎಂದಷ್ಟೇ ಬರೆದೆ. ಕೆಳದಿ ಎಂದೊಡನೆ ಕನ್ನಡದವರಿಗೆ ಈ ಕೋಟೆ ದೂರದ್ದೆನಿಸುವುದಿಲ್ಲ.

‘ಅನುಭವಿಸಿ’, ‘ಆನಂದಿಸಿ’, ‘ಸವಿಯಿರಿ’ ಎಂಬ ಅಪ್ಪಣೆಗಳು ಹಾಳೆಯಲ್ಲಿ ಏಳು ಕಡೆ ಇದ್ದವು. ಎಲ್ಲವನ್ನೂ ತೆಗೆದು ಕೊನೆಗೊಂದು ‘ಬನ್ನಿ’ ಉಳಿಸಿದೆ. ನಮ್ಮಲ್ಲಿ ಮನೆಗೆ ಕರೆಯುವವರು ಹೇಳುವ ಪದ ಅದೊಂದೇ.

ಧ್ವನಿ ಕೊಟ್ಟವರು ಕುಂಬಳೆ ಕಡೆಯ ನಿವೃತ್ತ ಶಿಕ್ಷಕರು, ತಾಳಮದ್ದಳೆಯ ಅರ್ಥಧಾರಿ. ಗಂಟೆಯಂಥ ಕಂಠ. ಮೊದಲ ಓದಿನಲ್ಲಿ ‘ಎದುರಿಗೆ ಕಡಲು’ ಎಂದದ್ದು ಲಂಕೆಗೆ ಹಾರಲು ನಿಂತ ಹನುಮಂತನ ಮಾತಿನಂತೆ ಕೇಳಿಸಿತು. ‘ಮಾಷ್ಟ್ರೇ, ಸಭೆ ಇಲ್ಲ. ಜಗಲಿಯಲ್ಲಿ ಕುಳಿತ ನೆಂಟರೊಬ್ಬರಿಗೆ ಹೇಳುತ್ತಿದ್ದೀರಿ ಎಂದುಕೊಳ್ಳಿ’ ಎಂದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ ಮತ್ತೆ ಓದಿದರು. ಸ್ವರ ಇಳಿಯಿತು, ತೂಕ ಉಳಿಯಿತು. ಉಸಿರು ತೆಗೆಯಬೇಕಾದಲ್ಲೆಲ್ಲ ನಾನು ಓರೆಗೆರೆ ಹಾಕಿ ಕೊಟ್ಟಿದ್ದೆ. ‘ಕುಚ್ಚಲಕ್ಕಿ ಅನ್ನ’ದ ಬಳಿ ಮಾತ್ರ ಅವರು ನಿಂತರು. ‘ಇಲ್ಲಿ ಗೆರೆ ಬೇಡ. ಅನ್ನ, ಸಾರು ಒಂದೇ ಉಸಿರಿಗೆ ಬರಬೇಕು’ ಎಂದರು. ಓದಿ ತೋರಿಸಿದರು. ಅವರದೇ ಸರಿ, ಗೆರೆ ಅಳಿಸಿದೆ.

ಹೋಟೆಲಿನವರಿಗೆ ತಮ್ಮ ಹೆಸರು ಮೂರು ಸಲ ಕೇಳಿಸಬೇಕಿತ್ತು. ಮೂರು ಸಲ ಹೇಳಿಸಿದ್ದನ್ನೂ ಒಂದೇ ಸಲ ಹೇಳಿಸಿದ್ದನ್ನೂ ಪಕ್ಕಪಕ್ಕದಲ್ಲಿ ಕೇಳಿಸಿದೆ. ಎರಡನೆಯದರಲ್ಲಿ ‘ಬನ್ನಿ’ ಎಂದ ಮೇಲೆ ಎರಡು ಸೆಕೆಂಡು ಬರೀ ಅಲೆ, ಆಮೇಲೆ ಹೆಸರು. ದೂರವಾಣಿ ಸಂಖ್ಯೆಯನ್ನು ತೆರೆಯ ಮೇಲಷ್ಟೇ ತೋರಿಸಿದ್ದೆವು. ಅವರು ಎರಡನೆಯದನ್ನೇ ಮತ್ತೊಮ್ಮೆ ಹಾಕಲು ಹೇಳಿದರು.